ಕೊಟ್ಟಿಗೆಹಾರ ದಾಟಿದ್ಮೇಲೆ ಲಿಂಕ್ ಓಪನ್ ಆಗಲ್ಲ: ಆಫ್‌ಲೈನ್ ಮ್ಯಾಪ್ ಇಟ್ಕೊಂಡೂ ದಾರಿ ತಪ್ಪಿದ ನನ್ನ ಅನುಭವ

ನಾನು ಚಿಕ್ಕಮಗಳೂರಲ್ಲಿ ಮೋಟರ್ ರಿಪೇರಿ ಮಾಡೋನು, ಕಾಫಿ ಕುಯ್ಲು ಶುರುವಾದ್ರೆ ನಮಗೆ ನಿದ್ದೆ ಇರಲ್ಲ. ಅರೇಬಿಕಾ ಹಣ್ಣು ಕುಯ್ದ ದಿನಾನೇ ಸಿಪ್ಪೆ ಸುಲಿಯೋ ಮೆಷಿನ್ ಅಂದ್ರೆ ಪಲ್ಪರ್‌ಗೆ ಹಾಕ್ಬೇಕು, ರಾತ್ರಿ ಹಂಗೇ ರಾಶಿ ಬಿಟ್ರೆ ಹುಳಿಯಕ್ಕೆ ಶುರುವಾಗತ್ತೆ, ಹಂಗಾಗಿ ಎಸ್ಟೇಟಿಂದ ಫೋನ್ ಬಂತು ಅಂದ್ರೆ ಈಗ್ಲೇ ಹೊರಡ್ಬೇಕು. ಹೋದ ಡಿಸೆಂಬರಲ್ಲಿ ಒಂದಿನ ಸಂಜೆ ನಾಲ್ಕೂವರೆಗೆ ಕೊಟ್ಟಿಗೆಹಾರದಿಂದ ಆ ಕಡೆ, ಜಾವಳಿ ದಿಕ್ಕಲ್ಲಿರೋ ಒಂದು ತೋಟದ ಲೆಕ್ಕ ನೋಡ್ಕೊಳ್ಳೋ ರೈಟ್ರು ಫೋನ್ ಮಾಡಿದ್ರು, ಮೋಟರ್ ಸುಟ್ಟೋಗಿದೆ ಬನ್ನಿ ಅಣ್ಣ, ಲೊಕೇಶನ್ ವಾಟ್ಸಾಪ್ ಮಾಡ್ತೀನಿ ಅಂತ. ಸರಿ ಅಂದೆ. ಫೋನಲ್ಲಿ ಗೂಗಲ್ ಮ್ಯಾಪ್ಸಿನ ಆಫ್‌ಲೈನ್ ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡಿದ್ದೆ, ಅದೇ ಧೈರ್ಯ.

ಮೂಡಿಗೆರೆ ದಾಟಿ ಕೊಟ್ಟಿಗೆಹಾರದವರೆಗೂ ನೋಡೋದೇನಿಲ್ಲ, ಕಣ್ಮುಚ್ಕೊಂಡು ಹೋಗೋ ರೋಡು. ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಮುಂದೆ ಗಾಡಿ ನಿಲ್ಲಿಸಿ ರೈಟ್ರು ಕಳ್ಸಿದ್ದು ಒತ್ತಿದ್ರೆ ಬಿಳಿ ಸ್ಕ್ರೀನು, ಸುತ್ತುತ್ತಾ ಇದೆ. ನೆಟ್‌ವರ್ಕ್ ಒಂದು ಕಡ್ಡಿನೂ ಇಲ್ಲ. ಮ್ಯಾಪ್ ಫೋನೊಳಗೇ ಇದೆಯಲ್ಲ ಮಾರಾಯ್ರೆ, ಮತ್ತೆ ಯಾಕೆ ಅಂತ ತಲೆ ಕೆಟ್ಟೋಯ್ತು. ಆಮೇಲೆ ಗೊತ್ತಾಗಿದ್ದು, ಅವರು ಕಳ್ಸಿದ್ದು `maps.app.goo.gl` ಅಂತ ಶುರುವಾಗೋ ಲಿಂಕು. ಅದರೊಳಗೆ ಜಾಗ ಎಲ್ಲಿದೆ ಅನ್ನೋದೇ ಇರಲ್ಲ, ಚೀಟಿ ನಂಬರ್ ಥರ ಅಷ್ಟೇ, ಆ ಚೀಟಿಗೆ ಯಾವ ಜಾಗ ಅಂತ ಇಂಟರ್ನೆಟ್ಟಲ್ಲೇ ಕೇಳ್ಬೇಕು. ಇಡೀ ಕರ್ನಾಟಕದ ಮ್ಯಾಪ್ ಫೋನಲ್ಲಿದ್ರೂ ಆ ಲಿಂಕ್ ನೆಟ್ ಇಲ್ದೆ ಬಿಚ್ಕೊಳಲ್ಲ. ವಾಟ್ಸಾಪಲ್ಲೇ ಇರೋ ಲೊಕೇಶನ್ ಆಪ್ಷನ್ನಿಂದ ಪಿನ್ ಕಳ್ಸಿದ್ರೆ ಕಥೆ ಬೇರೆ, ಅದರೊಳಗೆ ಅಕ್ಷಾಂಶ ರೇಖಾಂಶದ ನಂಬರೇ ಇರತ್ತೆ, ಒತ್ತಿದ್ರೆ ನೆಟ್ ಇಲ್ದಿದ್ರೂ ಮ್ಯಾಪಲ್ಲಿ ಆ ಜಾಗಕ್ಕೆ ಹೋಗಿ ನಿಲ್ಲತ್ತೆ.

ವಾಪಸ್ ಕೊಟ್ಟಿಗೆಹಾರಕ್ಕೆ ಬಂದು ಲಿಂಕ್ ಓಪನ್ ಮಾಡಿ, ಜಾಗ ಸೇವ್ ಮಾಡ್ಕೊಂಡು, ಒಂದು ಟೀ ಕುಡ್ದು ಮತ್ತೆ ಹೊರಟೆ. ಈ ಸಲ ನೀಲಿ ಗೆರೆ ಚೆನ್ನಾಗೇ ಬಂತು, ಕತ್ತಲಲ್ಲಿ ಮಂಜಲ್ಲಿ ಸರಿಯಾಗೇ ಕರ್ಕೊಂಡು ಹೋಯ್ತು. ಹೋಗಿ ಹೋಗಿ ಒಂದು ಕಡೆ ನೀವು ತಲುಪಿದ್ದೀರಿ ಅಂತು. ಸುತ್ತ ನೋಡಿದ್ರೆ ಗೇಟೂ ಇಲ್ಲ ಎಂಥದೂ ಇಲ್ಲ, ಎಡಗಡೆ ಇಳಿಜಾರು, ಕೆಳಗೆ ಹಳ್ಳ ಹರಿಯೋ ಸೌಂಡು, ಹಳ್ಳದ ಆಚೆ ಕಣದ ಲೈಟು ಉರೀತಿದೆ. ಅದೇ ತೋಟ! ಮುನ್ನೂರು ಮೀಟರ್ ಇರಬಹುದು ಅಷ್ಟೇ. ಪಕ್ಕದ ಲೈನ್ ಮನೆಯವರು ಒಬ್ರು ಟಾರ್ಚ್ ಹಿಡ್ಕೊಂಡು ಬಂದು, ಇಲ್ಲಿಂದ ಗಾಡಿ ಹೋಗಲ್ಲ, ವಾಪಸ್ ಹೋಗಿ ಆ ಕಡೆ ರೋಡ್ ಹಿಡೀರಿ ಅಂದ್ರು. ಸುತ್ತಿ ಬಂದಿದ್ದು ಆರು ಕಿಲೋಮೀಟರ್. ತಲುಪಿದಾಗ ಒಂಬತ್ತು ಗಂಟೆ, ರೈಟ್ರು ಮುಖ ನೋಡಕ್ಕಾಗ್ತಿರ್ಲಿಲ್ಲ.

ಆ ತಪ್ಪು ಯಾಕಾಯ್ತು ಅಂತ ಮನೇಲಿ ಕೂತು ನೋಡ್ದೆ. ಅವರು ಪಿನ್ ಹಾಕಿದ್ದು ಕಣದ ಹತ್ರ ನಿಂತು. ತೋಟದೊಳಗಿನ ರೋಡು ಮ್ಯಾಪಲ್ಲಿ ಇರ್ಲಿಲ್ಲ. ಹಂಗಿದ್ದಾಗ ಮ್ಯಾಪ್ ಏನ್ಮಾಡತ್ತೆ ಅಂದ್ರೆ ಪಿನ್ನಿಗೆ ನೇರ ಗೆರೆ ಎಳೆದ್ರೆ ಯಾವ ರೋಡ್ ಹತ್ರವೋ ಅಲ್ಲಿಗೆ ತಂದು ಬಿಡತ್ತೆ, ಮಧ್ಯ ಹಳ್ಳ ಇದ್ಯೋ ಗುಡ್ಡ ಇದ್ಯೋ ಅದಕ್ಕೆ ಸಂಬಂಧ ಇಲ್ಲ. ಇದನ್ನ ಹೊರಡೋ ಮೊದ್ಲೇ ಕಂಡುಹಿಡೀಬಹುದು. ದಾರಿ ಹಾಕಿದ್ಮೇಲೆ ಕೊನೇ ತುದೀನ ಜೂಮ್ ಮಾಡಿ, ನೀಲಿ ಗೆರೆ ಪಿನ್ನಿಗೆ ಮುಟ್ಟದೆ ಅಲ್ಲಿಂದ ಚುಕ್ಕಿ ಚುಕ್ಕಿ ಗೆರೆ ಹೋಗಿದ್ರೆ ಆ ಚುಕ್ಕಿ ಇರೋ ಕಡೆ ಮ್ಯಾಪಿಗೆ ದಾರಿ ಗೊತ್ತಿಲ್ಲ ಅಂತ ಅರ್ಥ. ಊರೊಳಗೆ ಹತ್ತಿಪ್ಪತ್ತು ಮೀಟರ್ ಚುಕ್ಕಿ ಇದ್ರೆ ಪರ್ವಾಗಿಲ್ಲ, ಮಲೆನಾಡಲ್ಲಿ ನೂರು ಮೀಟರ್ ಚುಕ್ಕಿ ಅಂದ್ರೂ ನಾನು ಹೊರಡಲ್ಲ, ಮೊದ್ಲು ಫೋನ್ ಮಾಡಿ ಕೇಳ್ತೀನಿ. ಸ್ಯಾಟಲೈಟ್ ಫೋಟೋಲಿ ತೋಟದ ದಾರಿ ಕೆಲವು ಸಲ ಕಾಣತ್ತೆ (ಸಿಲ್ವರ್ ಓಕ್ ನೆರಳು ಜಾಸ್ತಿ ಇದ್ರೆ ಅದೂ ಇಲ್ಲ), ಆದ್ರೆ ಡೌನ್‌ಲೋಡ್ ಮಾಡಿದ ಮ್ಯಾಪಲ್ಲಿ ಸ್ಯಾಟಲೈಟ್ ಬರಲ್ಲ, ಅದಕ್ಕೆ ಮನೇಲಿ ನೆಟ್ ಇರೋವಾಗ್ಲೇ ಕೊನೇ ಎರಡು ಕಿಲೋಮೀಟರ್ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ತೀನಿ.

ಈಗ ನಾನು ಮನೆ ಲೊಕೇಶನ್ ಕೇಳೋದೇ ಇಲ್ಲ, ಗೇಟಿಂದು ಕೇಳ್ತೀನಿ. ಡಾಂಬರ್ ರೋಡಿಂದ ನಿಮ್ಮ ತೋಟಕ್ಕೆ ತಿರುಗೋ ಜಾಗದಲ್ಲಿ ನಿಂತ್ಕೊಂಡು, ಮ್ಯಾಪಲ್ಲಿ ನೀಲಿ ಚುಕ್ಕೆ ಮೇಲೆ ಒತ್ತಿ ಹಿಡೀರಿ, ನಂಬರ್ ಬರತ್ತೆ, ಅದನ್ನ ಮಾಮೂಲಿ ಎಸ್ಸೆಮ್ಮೆಸ್ ಮಾಡಿ ಅಂತೀನಿ. ಡೇಟಾ ಸಿಗದೇ ಇರೋ ಕಡೆನೂ ಎಷ್ಟೋ ಸಲ ಎಸ್ಸೆಮ್ಮೆಸ್ ಹೋಗತ್ತೆ. ನಂಬರ್ ಬಂದ್ಮೇಲೆ ಒಂದು ಚೆಕ್ ಇದೆ, ನಮ್ಮ ಮೂಡಿಗೆರೆ ಕಳಸ ಕಡೆ ಮೊದಲ ನಂಬರ್ 13 ಅಂತ ಶುರುವಾಗ್ಬೇಕು, ಎರಡನೇದು 75 ಅಂತ. ಅದಲು ಬದಲು ಆದ್ರೆ ನಾರ್ವೆಗೂ ಮೇಲೆ ಸಮುದ್ರದ ಮಧ್ಯ ತೋರ್ಸತ್ತೆ, ಒಬ್ರು ಹಂಗೇ ಕಳ್ಸಿದ್ರು, ನಕ್ಕು ಸಾಕಾಯ್ತು. ಪಾಯಿಂಟ್ ಆದ್ಮೇಲೆ ನಾಲ್ಕು ಅಂಕಿ ಇದ್ರೆ ಸಾಕು, ಹತ್ತು ಹನ್ನೊಂದು ಮೀಟರಿನ ಲೆಕ್ಕ ಸಿಗತ್ತೆ. ಆದ್ರೆ ಫೋನಲ್ಲಿ ಬಾಯಲ್ಲಿ ಹೇಳಿಸ್ಕೊಂಡ್ರೆ ತಿರುಗಿ ಓದಿ ಹೇಳಿ, ಪಾಯಿಂಟ್ ಆದ್ಮೇಲಿನ ಎರಡನೇ ಅಂಕಿ ಒಂದು ಹೆಚ್ಚುಕಮ್ಮಿ ಆದ್ರೆ ಒಂದು ಕಿಲೋಮೀಟರ್ ಚಿಲ್ರೆ ಆಚೆ ಹೋಗಿರ್ತೀರ.

ಡೌನ್‌ಲೋಡ್ ಮಾಡೋದು ಎಲ್ರಿಗೂ ಗೊತ್ತಿರೋದೇ, ಪ್ರೊಫೈಲ್ ಫೋಟೋ ಒತ್ತಿ `Offline maps`, ಅದರೊಳಗೆ `Select your own map`. ನಾನು ಮೊದ್ಲು ಮಾಡ್ತಿದ್ದ ತಪ್ಪು ಅಂದ್ರೆ ಹೋಗೋ ಊರಿನ ಸುತ್ತ ಮಾತ್ರ ಚೌಕ ಎಳೀತಿದ್ದೆ, ಹೊರಡೋ ಜಾಗನೂ ದಾರಿನೂ ಅದರೊಳಗೇ ಇರ್ಬೇಕು, ಇಲ್ಲಾಂದ್ರೆ ದಾರಿ ಹಾಕ್ಕೊಡಲ್ಲ. ಈಗ ಚಿಕ್ಕಮಗಳೂರಿಂದ ಶೃಂಗೇರಿ, ಚಾರ್ಮಾಡಿ, ಸಕಲೇಶಪುರ ಎಲ್ಲಾ ಸೇರಿಸಿ ಒಂದೇ ದೊಡ್ಡ ಚೌಕ ಎಳ್ದಿದ್ದೀನಿ. ಆಫ್‌ಲೈನಲ್ಲಿ ಗಾಡಿ ದಾರಿ ಮಾತ್ರ, ನಡ್ಕೊಂಡು ಹೋಗೋ ದಾರಿ ಬರಲ್ಲ, ಟ್ರಾಫಿಕ್ಕೂ ಇಲ್ಲ, ಮಳೆಗಾಲದಲ್ಲಿ ಮರ ಬಿದ್ದು ರೋಡ್ ಬಂದ್ ಆಗಿದ್ರೆ ಅದಕ್ಕೇನೂ ಗೊತ್ತಿರಲ್ಲ.

ಹೊರಡೋ ಮೊದ್ಲು ಅಂಗಡೀಲೇ ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ ಆ ಗೇಟಿಗೆ ದಾರಿ ಹಾಕಿ ನೋಡ್ತೀನಿ, ಅಲ್ಲಿ ಬಂದ್ರೆ ಕಾಡಲ್ಲೂ ಬರತ್ತೆ. ನೀಲಿ ಚುಕ್ಕೆಗೆ ಸಿಮ್ ನೆಟ್‌ವರ್ಕ್ ಬೇಡ, ಅದು ಸ್ಯಾಟಲೈಟಿಂದ ನೇರ ಬರತ್ತೆ, ಆದ್ರೆ ಫೋನ್ ಆಫ್ ಆಗಿ ಮರದ ಕೆಳಗೆ ಆನ್ ಮಾಡಿದ್ರೆ ಚುಕ್ಕೆ ಸಿಗಕ್ಕೆ ನಿಮಿಷಗಟ್ಲೆ ಹಿಡಿಯತ್ತೆ, ಬಯಲಿಗೆ ಬಂದು ಕಾಯ್ಬೇಕು. ಅದಕ್ಕೆ ಗಾಡೀಲಿ ಚಾರ್ಜರ್ ಇರ್ಲೇಬೇಕು, ನೆಟ್‌ವರ್ಕ್ ಹುಡುಕಿ ಹುಡುಕಿ ಬ್ಯಾಟರಿ ಬೇಗ ಇಳ್ಯತ್ತೆ.

ಅದೇ ತೋಟಕ್ಕೆ ಜನವರಿಯಲ್ಲಿ ಮತ್ತೆ ಹೋಗಿದ್ದೆ, ಬೆಲ್ಟ್ ಹಾಕಕ್ಕೆ. ಗೇಟಿನ ಪಿನ್ನನ್ನ ಹೋದ ಸಲಾನೇ ಸೇವ್ ಮಾಡಿ ಬಂದಿದ್ದೆ, ಎಲ್ಲೂ ನಿಲ್ಲಿಸ್ದೆ ನೇರ ಹೋದೆ. ರೈಟ್ರು ನೋಡಿ, ಏನಣ್ಣ ಈ ಸಲ ಹಳ್ಳ ಹಾರಲಿಲ್ವಾ ಅಂದ್ರು.