ಒಬ್ಬರೇ ಆ್ಯಪ್ ಮಾಡಿದ್ದೀರಾ? ಜನ ಡೌನ್‌ಲೋಡ್ ಮಾಡುವ ಹಾಗೆ ಪೋಸ್ಟ್ ಬರೆಯುವುದು ಹೇಗೆ

ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಬಂದು ರಾತ್ರಿ ಹೊತ್ತು ಒಬ್ಬರೇ ಕೂತು ಆ್ಯಪ್ ಮಾಡುವವರು ತುಂಬಾ ಜನ ಇದ್ದಾರೆ. ಅವರು ಆ್ಯಪ್ ಚೆನ್ನಾಗಿಯೇ ಮಾಡಿರುತ್ತಾರೆ, ಆದರೆ ಅದು ಬಂದಿದೆ ಅಂತ ಬರೆಯುವ ಪೋಸ್ಟಿನಲ್ಲಿ ಎಡವುತ್ತಾರೆ. ಅದರಲ್ಲೂ ಡೌನ್‌ಲೋಡ್ ದಾರಿ ಹೇಳುವ ಕಡೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಇಬ್ಬರು 'ಲಿಂಕ್ ಓಪನ್ ಆಗ್ತಿಲ್ಲ' ಅಂತ ಬರೆದರೆ ಸಾಕು, ಉಳಿದವರು ಒತ್ತಿ ನೋಡುವುದೂ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ವಿಜಯನಗರದಲ್ಲಿ ಎಂಟು ಮನೆಗಳ ಕಟ್ಟಡ, ಬೋರ್‌ವೆಲ್ ಬತ್ತಿದೆ. ನೀರಿನ ಟ್ಯಾಂಕರ್ ಬಂದಾಗ ಮನೆಯಲ್ಲಿ ಯಾರಿರುತ್ತಾರೋ ಅವರು ದುಡ್ಡು ಕೊಡುತ್ತಾರೆ. ತಿಂಗಳ ಕೊನೆಗೆ ಯಾರು ಎಷ್ಟು ಕೊಟ್ಟರು ಅನ್ನೋದೇ ಜಗಳ. ಅಲ್ಲಿಯ ಒಬ್ಬರು ಈ ಲೆಕ್ಕಕ್ಕೆ 'ಟ್ಯಾಂಕರ್ ಲೆಕ್ಕ' ಅಂತ ಆ್ಯಪ್ ಮಾಡಿದ್ದಾರೆ ಅಂದುಕೊಳ್ಳಿ.

ಮೊದಲು ಸಮಸ್ಯೆ, ಅದೂ ಅಂಕಿಯಲ್ಲಿ

'ಅಪಾರ್ಟ್‌ಮೆಂಟ್ ನಿರ್ವಹಣೆಗೆ ಸಮಗ್ರ ಪರಿಹಾರ' ಅಂತ ಶುರು ಮಾಡಬೇಡಿ. ಓದುವವರಿಗೆ ಅದು ತಮ್ಮ ಮನೆ ವಿಷಯ ಅನ್ನಿಸುವುದಿಲ್ಲ. ಹೀಗೆ ಬರೆಯಿರಿ:

'ಹೋದ ತಿಂಗಳು ನಮ್ಮ ಕಟ್ಟಡಕ್ಕೆ 6 ಟ್ಯಾಂಕರ್ ಬಂತು. ಒಂದಕ್ಕೆ 800 ರೂಪಾಯಿ, ಒಟ್ಟು 4,800. ಮನೆಗೆ 600 ಬರಬೇಕು. ಕೆಳಗಿನ ಮನೆಯವರು ಮೂರು ಸಲ ಕೊಟ್ಟಿದ್ದಾರೆ, ಅಂದರೆ 2,400. ಅವರಿಗೆ 1,800 ವಾಪಸ್ ಬರಬೇಕು, ಯಾರಿಂದ ಎಷ್ಟು? ಈ ಲೆಕ್ಕವನ್ನು ಆ್ಯಪ್ ಹಾಕಿ ತೋರಿಸುತ್ತದೆ.'

ಇಷ್ಟೇ ಸಾಕು. ಆ್ಯಪ್ ಇನ್ನೂ ಹತ್ತು ಕೆಲಸ ಮಾಡಬಹುದು, ಅವು ಯಾವುವೂ ಈ ಪೋಸ್ಟಿಗೆ ಬೇಡ. ಏನು ಮಾಡುವುದಿಲ್ಲ ಅಂತ ಒಂದು ಸಾಲು ಮಾತ್ರ ಕಡ್ಡಾಯ: 'ಇದರಲ್ಲಿ ದುಡ್ಡು ಕಳಿಸಲು ಆಗಲ್ಲ, ಬರೀ ಲೆಕ್ಕ.' ಈ ಸಾಲು ಇದ್ದರೆ ಬ್ಯಾಂಕ್ ವಿವರ ಕೇಳುತ್ತಾರೇನೋ ಅನ್ನುವ ಭಯ ಹೋಗುತ್ತದೆ. ಜೊತೆಗೆ ಒಂದು ಸ್ಕ್ರೀನ್‌ಶಾಟ್ ಹಾಕಿ. ಅದರಲ್ಲಿ ಅಕ್ಕಪಕ್ಕದವರ ನಿಜವಾದ ಹೆಸರು, ನಂಬರ್ ಇರಬಾರದು.

ಎಪಿಕೆ ಫೈಲ್ ಕಳಿಸಲೇಬೇಡಿ

'ಸುಮ್ನೆ ಫೈಲ್ ವಾಟ್ಸ್ಆ್ಯಪ್‌ನಲ್ಲಿ ಹಾಕಿಬಿಡೋಣ' ಅನ್ನುವ ಅಡ್ಡದಾರಿ ಎಲ್ಲರಿಗೂ ಹೊಳೆಯುತ್ತದೆ. ಟ್ರಾಫಿಕ್ ದಂಡದ ಚಲನ್, ಮದುವೆ ಕರೆಯೋಲೆ ಅಂತ ಬಂದ ಎಪಿಕೆ ಒತ್ತಿ ಜನ ದುಡ್ಡು ಕಳೆದುಕೊಂಡಿದ್ದಾರೆ. ಅಂಥ ಫೈಲ್ ಮುಟ್ಟಬೇಡಿ ಅಂತ ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ನಿಮ್ಮದು ಒಳ್ಳೆಯ ಫೈಲೇ ಇರಬಹುದು. ಆದರೂ ಗೊತ್ತಿಲ್ಲದ ಆ್ಯಪ್ ಹಾಕಲು ಅನುಮತಿ ಕೊಡಿ ಅಂತ ಪಕ್ಕದ ಮನೆಯ ಅಜ್ಜಿಗೆ ಕಲಿಸಿದರೆ, ನಾಳೆ ಕಳ್ಳನ ಫೈಲಿಗೂ ಅವರು ಹಾಗೇ ಅನುಮತಿ ಕೊಡುತ್ತಾರೆ. ಲಿಂಕ್ ಚಿಕ್ಕದು ಮಾಡುವ ಸೇವೆಗಳೂ ಬೇಡ. ಪ್ಲೇ ಸ್ಟೋರಿನ ಪೂರ್ತಿ ವಿಳಾಸ ಕಣ್ಣಿಗೆ ಕಾಣಲಿ.

ಎಲ್ಲರೂ ಎಡವುವ ಜಾಗ: ಟೆಸ್ಟಿಂಗ್ ಲಿಂಕ್

2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ, ಗೂಗಲ್ ಪ್ಲೇಯಲ್ಲಿ ನೇರವಾಗಿ ಎಲ್ಲರಿಗೂ ಆ್ಯಪ್ ಬಿಡಲು ಆಗುವುದಿಲ್ಲ. ಮೊದಲು ಕ್ಲೋಸ್ಡ್ ಟೆಸ್ಟಿಂಗ್. ಕನಿಷ್ಠ 12 ಜನ ಟೆಸ್ಟರ್ ಆಗಿ ಸೇರಿ, ಸತತ 14 ದಿನ ಉಳಿದಿರಬೇಕು. ಮೊದಲು ಈ ಸಂಖ್ಯೆ 20 ಇತ್ತು. ಅಂದರೆ ನಿಮ್ಮ ಮೊದಲ ಪೋಸ್ಟ್ ಓದುವವರು ಗ್ರಾಹಕರಲ್ಲ, ಟೆಸ್ಟರ್‌ಗಳು. ಅವರಿಗೆ 'ಪ್ಲೇ ಸ್ಟೋರಿನಲ್ಲಿ ಹುಡುಕಿ' ಅಂದರೆ ಆ್ಯಪ್ ಸಿಗುವುದೇ ಇಲ್ಲ.

ದಾರಿ ಹೀಗಿದೆ. ಅವರ ಜಿಮೇಲ್ ವಿಳಾಸವನ್ನು ನೀವು ಪ್ಲೇ ಕನ್ಸೋಲ್‌ನ ಟೆಸ್ಟರ್ ಪಟ್ಟಿಗೆ ಸೇರಿಸಬೇಕು. ಆಮೇಲೆ ಅವರು ಒಂದು ಲಿಂಕ್ ತೆರೆದು ಒಪ್ಪಿಗೆ ಕೊಡಬೇಕು. ಅದಾದ ಮೇಲೆ ಇನ್‌ಸ್ಟಾಲ್. ಗೂಗಲ್ ಗ್ರೂಪ್ ಮೂಲಕವೂ ಮಾಡಬಹುದು, ಆದರೆ ಆಗ ಗ್ರೂಪಿಗೆ ಸೇರುವ ಇನ್ನೊಂದು ಹಂತ ಬರುತ್ತದೆ. ಅಕ್ಕಪಕ್ಕದ ಮೂವತ್ತು ಜನಕ್ಕೆ ಇಮೇಲ್ ಪಟ್ಟಿಯೇ ಸರಿ.

ಇಲ್ಲಿ ಕೈಕೊಡುವುದು ಖಾತೆ. ಒಂದೇ ಫೋನಿನಲ್ಲಿ ಆಫೀಸಿನದು, ಮಗನ ಶಾಲೆಯದು, ಹಳೆಯದು ಅಂತ ಎರಡು ಮೂರು ಇಮೇಲ್ ಇರುತ್ತವೆ. ನಿಮಗೆ ಕೊಟ್ಟದ್ದು ಒಂದು, ಪ್ಲೇ ಸ್ಟೋರಿನಲ್ಲಿ ಇರುವುದು ಇನ್ನೊಂದು. ಆಗ ಲಿಂಕ್ ಒತ್ತಿದರೆ ಈ ಖಾತೆಗೆ ಆ್ಯಪ್ ಲಭ್ಯವಿಲ್ಲ ಅನ್ನುತ್ತದೆ. ಅವರು ಲಿಂಕೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಾಗಾಗಿ 'ನಿಮ್ಮ ಇಮೇಲ್ ಕೊಡಿ' ಅಂತ ಕೇಳಬೇಡಿ. ಯಾವ ಇಮೇಲ್, ಅದನ್ನು ಎಲ್ಲಿ ನೋಡಬೇಕು ಅಂತ ಹೇಳಿ. ಪೋಸ್ಟಿನ ಈ ಭಾಗ ಹೀಗಿರಲಿ:

1. ಪ್ಲೇ ಸ್ಟೋರ್ ತೆರೆಯಿರಿ. ಮೇಲೆ ಬಲಗಡೆ ಇರುವ ದುಂಡಗಿನ ಚಿತ್ರ ಒತ್ತಿ. ಅಲ್ಲಿ ಕಾಣುವ ಇಮೇಲ್ ನನಗೆ ಮಾತ್ರ ಕಳಿಸಿ, ಗುಂಪಿನಲ್ಲಿ ಹಾಕಬೇಡಿ.
2. 'ಸೇರಿಸಿದ್ದೇನೆ' ಅಂತ ನಾನು ಉತ್ತರ ಕೊಟ್ಟ ಮೇಲೆ ಈ ಲಿಂಕ್ ಒತ್ತಿ. ಖಾತೆ ಕೇಳಿದರೆ ಅದೇ ಇಮೇಲ್ ಆರಿಸಿ.

```
https://play.google.com/apps/testing/com.example.tankerlekka
```

3. Become a tester ಅನ್ನುವ ಬಟನ್ ಒತ್ತಿ. ಅದೇ ಪುಟದಲ್ಲಿ ಪ್ಲೇ ಸ್ಟೋರಿಗೆ ಹೋಗುವ ಲಿಂಕ್ ಬರುತ್ತದೆ. ಅಲ್ಲಿ ಇನ್‌ಸ್ಟಾಲ್ ಮಾಡಿ.
4. ದಯವಿಟ್ಟು ಎರಡು ವಾರ ಟೆಸ್ಟರ್ ಆಗಿಯೇ ಉಳಿಯಿರಿ.

`com.example.tankerlekka` ಇರುವ ಕಡೆ ನಿಮ್ಮ ಆ್ಯಪ್‌ನ ಪ್ಯಾಕೇಜ್ ಹೆಸರು ಬರಬೇಕು. ಒಪ್ಪಿಗೆ ಕೊಟ್ಟ ಕೂಡಲೇ ಕೆಲವು ಫೋನ್‌ಗಳಲ್ಲಿ ಆ್ಯಪ್ ಕಾಣುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಲು ಹೇಳಿ. ಆಗಲೂ ಬರದಿದ್ದರೆ ಪ್ಲೇ ಸ್ಟೋರಿನ ಆ ದುಂಡಗಿನ ಚಿತ್ರವನ್ನೇ ಮತ್ತೆ ನೋಡಿಸಿ. ಸಾಮಾನ್ಯವಾಗಿ ಖಾತೆ ಬೇರೆಯಾಗಿರುತ್ತದೆ.

ಮೊದಲ ಬಿಡುಗಡೆಯನ್ನು ಗೂಗಲ್ ಪರಿಶೀಲಿಸಿ ಒಪ್ಪುವ ತನಕ ಪೋಸ್ಟ್ ಹಾಕಬೇಡಿ. ಅಲ್ಲಿಯವರೆಗೆ ಲಿಂಕ್ ತೆರೆದರೂ ಆ್ಯಪ್ ಸಿಗಲ್ಲ. ಇನ್ನೊಂದು ಮಾತು. ನಿಮ್ಮ ಫೋನಿನಲ್ಲಿ ಲಿಂಕ್ ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ, ಸಾಮಾನ್ಯವಾಗಿ ನಿಮ್ಮ ಖಾತೆಯನ್ನು ನೀವೇ ಆಗಲೇ ಪಟ್ಟಿಗೆ ಸೇರಿಸಿರುತ್ತೀರಿ. ಮನೆಯಲ್ಲಿ ಯಾರಿಗೆ ಫೋನ್ ಬಗ್ಗೆ ಕಡಿಮೆ ಗೊತ್ತೋ ಅವರ ಕೈಗೆ ಪೋಸ್ಟ್ ಕೊಡಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಆ ಸಾಲು ತಿದ್ದಿ.

ಐಫೋನ್ ಇರುವವರಿಗೆ ಟೆಸ್ಟ್‌ಫ್ಲೈಟ್ ಇದೆ, ಅದು ಸಲೀಸು. ನಿಮ್ಮ ಆ್ಯಪ್ ಐಫೋನಿಗೆ ಇಲ್ಲದಿದ್ದರೆ ಮೊದಲ ಸಾಲಿನಲ್ಲೇ 'ಆಂಡ್ರಾಯ್ಡ್‌ಗೆ ಮಾತ್ರ' ಅಂತ ಬರೆದುಬಿಡಿ.

ಅಭಿಪ್ರಾಯ ಕೇಳುವ ಬಗೆ

'ಹೇಗಿದೆ ಹೇಳಿ' ಅಂದರೆ 'ಸೂಪರ್ ಸರ್' ಅಂತ ಬರುತ್ತದೆ. ಅದರಿಂದ ತಿದ್ದುವುದಕ್ಕೆ ಏನೂ ಸಿಗಲ್ಲ. ಒಂದು ಕೆಲಸ ಕೊಟ್ಟು ಒಂದು ಪ್ರಶ್ನೆ ಕೇಳಿ: 'ಮುಂದಿನ ಟ್ಯಾಂಕರ್ ಬಂದಾಗ ಅದನ್ನು ಬರೆದಿಡಿ. ಯಾವ ಪುಟದಲ್ಲಿ ಏನು ಒತ್ತಬೇಕು ಅಂತ ತಿಳಿಯಲಿಲ್ಲ? ಆ ಪುಟದ ಸ್ಕ್ರೀನ್‌ಶಾಟ್, ನಿಮ್ಮ ಫೋನಿನ ಮಾಡೆಲ್ ಕಳಿಸಿ.' ಎಂಟು ಮನೆಗಳಲ್ಲಿ ಮೂರು ಮನೆಯವರು ಒಂದೇ ಪುಟ ಕಳಿಸಿದರೆ ತೊಂದರೆ ಅಲ್ಲೇ ಇದೆ.

ಐದು ಸ್ಟಾರ್ ಕೊಡಿ ಅಂತ ಈಗ ಕೇಳಬೇಡಿ. ಟೆಸ್ಟರ್‌ಗಳು ಪ್ಲೇ ಸ್ಟೋರಿನಲ್ಲಿ ಬರೆದದ್ದು ನಿಮಗೆ ಮಾತ್ರ ಕಾಣುತ್ತದೆ, ಹೊರಗೆ ಕಾಣುವ ರೇಟಿಂಗ್‌ಗೆ ಸೇರುವುದಿಲ್ಲ. ಮುಂದೆ ಕೂಡ, ರೇಟಿಂಗಿಗೆ ಬದಲಾಗಿ ಉಡುಗೊರೆ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ದುಡ್ಡಿಗೆ 12 ಟೆಸ್ಟರ್ ಕೊಡುತ್ತೇವೆ ಅನ್ನುವವರ ಸಹವಾಸವೂ ಬೇಡ. ಅವರ ಕಟ್ಟಡಕ್ಕೆ ಟ್ಯಾಂಕರ್ ಬರುವುದಿಲ್ಲವಲ್ಲ, ಲೆಕ್ಕದ ತಪ್ಪು ಅವರಿಗೆ ಹೇಗೆ ಕಾಣಬೇಕು?

ಬಂದ ಪ್ರತಿ ದೂರನ್ನೂ, ಅದಕ್ಕೆ ಏನು ತಿದ್ದಿದಿರಿ ಅನ್ನುವುದನ್ನೂ ದಿನಾಂಕದ ಜೊತೆ ಬರೆದಿಡಿ. 14 ದಿನ ಮುಗಿದ ಮೇಲೆ ಎಲ್ಲರಿಗೂ ಬಿಡಲು ಅರ್ಜಿ ಹಾಕುವಾಗ, ಟೆಸ್ಟರ್‌ಗಳು ಏನು ಹೇಳಿದರು, ನೀವು ಏನು ಬದಲಿಸಿದಿರಿ ಅಂತ ಗೂಗಲ್ ಕೇಳುತ್ತದೆ. ಒಪ್ಪಿಗೆ ಸಿಕ್ಕ ದಿನ ಹೊಸ ಪೋಸ್ಟ್ ಹಾಕಿ. ಅದರಲ್ಲಿ ಟೆಸ್ಟಿಂಗ್ ಲಿಂಕ್ ಬೇಡ, ಎಲ್ಲರಿಗೂ ತೆರೆಯುವ ಪ್ಲೇ ಸ್ಟೋರ್ ಲಿಂಕ್ ಇರಲಿ. ಅಳಿಸಲು ಆಗುವ ಕಡೆ ಹಳೆಯ ಪೋಸ್ಟನ್ನು ಅಳಿಸಿಬಿಡಿ, ಇಲ್ಲದಿದ್ದರೆ ಯಾರಾದರೂ ಅದನ್ನೇ ಫಾರ್ವರ್ಡ್ ಮಾಡುತ್ತಾರೆ.