ಬಡ್ತಿ ಸಂದರ್ಶನ: ‘ನಿಮಗೇ ಗೊತ್ತಲ್ಲ ಸರ್’ ಎಂದರೆ ಅಂಕ ಬೀಳದು

ಸಂಸ್ಥೆಯೊಳಗೇ ಮೊದಲ ಬಾರಿ ಮ್ಯಾನೇಜರ್ ಹುದ್ದೆಗೆ ಸಂದರ್ಶನ ಎದುರಿಸುವವರು ಸಾಮಾನ್ಯವಾಗಿ ಎಡವುವುದು ಎದುರಿಗೆ ಕುಳಿತವರ ಪರಿಚಯದಿಂದಲೇ. ಎಲ್ಲರಿಗೂ ತಿಳಿದ ವಿಷಯವೆಂದು ಉತ್ತರವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಆದರೆ ಪ್ರಶ್ನೆವಾರು ಅಂಕ ಕೊಡುವ ಸಮಿತಿಯು ಅಲ್ಲಿ ಕೇಳಿಸಿಕೊಂಡದ್ದನ್ನೇ ಬರೆದುಕೊಳ್ಳಬೇಕಾಗುತ್ತದೆ.

ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಹಿರಿಯ ಕೆಲಸಗಾರರೊಬ್ಬರು ಪಾಳಿ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಿದ್ದಾರೆ ಎಂದುಕೊಳ್ಳೋಣ. ಸಮಿತಿಯಲ್ಲಿ ಘಟಕದ ಮುಖ್ಯಸ್ಥರು, ಲೆಕ್ಕಪತ್ರ ವಿಭಾಗದವರು ಮತ್ತು ಮಾನವ ಸಂಪನ್ಮೂಲ ಅಧಿಕಾರಿ ಇರುತ್ತಾರೆ. ಮೊದಲು ಮಾಡಬೇಕಾದದ್ದು, ಈ ಮೂವರಲ್ಲಿ ಯಾರು ನಿಮ್ಮ ಯಾವ ಕೆಲಸವನ್ನು ಕಣ್ಣಾರೆ ಕಂಡಿದ್ದಾರೆ, ಯಾರಿಗೆ ನಿಮ್ಮ ಬಗ್ಗೆ ಯಾವ ಅಸಮಾಧಾನ ಉಳಿದಿದೆ ಎಂಬುದನ್ನು ಹಾಳೆಯ ಮೇಲೆ ಬರೆದುಕೊಳ್ಳುವುದು.

ಕಳೆದ ಹಂಗಾಮಿನಲ್ಲಿ ಅಕಾಲಿಕ ಮಳೆಗೆ ನೆನೆದ ರೊಬಸ್ಟಾ ಚೆರ್ರಿ ಬಂದಾಗ, ತೇವಾಂಶ ಸುಮಾರು ಶೇ 11ರ ಮಿತಿಗಿಂತ ಹೆಚ್ಚಿದ್ದುದರಿಂದ ಈ ಕೆಲಸಗಾರರು ಸಿಪ್ಪೆ ಸುಲಿಯುವ ಹಲ್ಲಿಂಗ್ ನಿಲ್ಲಿಸಿ ಲಾಟನ್ನು ಮತ್ತೆ ಒಣಗಿಸಲು ಕಣಕ್ಕೆ ಕಳುಹಿಸಿದ್ದರು. ಲಾರಿ ಒಂದು ದಿನ ತಡವಾಗಿ ಹೊರಟಿತ್ತು. ಮುಖ್ಯಸ್ಥರಿಗೆ ನೆನಪಿರುವುದು ಆ ತಡ ಮಾತ್ರ. ಹೀಗಿರುವಾಗ ಅವರು ಕೇಳುವ ಮೊದಲೇ ಅಭ್ಯರ್ಥಿಯೇ ಅದನ್ನು ಎತ್ತುವುದು ಲೇಸು: ‘ಆ ಲಾರಿ ತಡವಾದದ್ದು ನನ್ನ ತೀರ್ಮಾನದಿಂದ ಸರ್. ಹಸಿ ಬೀಜ ಹಲ್ಲಿಂಗ್‌ಗೆ ಹೋದರೆ ನಜ್ಜುಗುಜ್ಜಾಗುತ್ತಿತ್ತು, ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತಿತ್ತು. ಆದರೆ ರವಾನೆ ವಿಭಾಗಕ್ಕೆ ಮಧ್ಯಾಹ್ನದವರೆಗೆ ತಿಳಿಸಲಿಲ್ಲ. ಮ್ಯಾನೇಜರ್ ಆದರೆ ಗೇಟಿನಲ್ಲೇ ತೇವಾಂಶ ಅಳೆದು, ತಡವಾಗುವುದನ್ನು ಬೆಳಿಗ್ಗೆಯೇ ಹೇಳಿಸುತ್ತೇನೆ.’ ಇಲ್ಲಿ ತೀರ್ಮಾನ, ಅದರ ಕಾರಣ, ತಾನೇ ಒಪ್ಪುವ ಕೊರತೆ, ಮುಂದಿನ ವ್ಯವಸ್ಥೆ ಎಲ್ಲವೂ ಬಂದವು. ಘಟನೆಯನ್ನು ಕಾಣದ ಮಾನವ ಸಂಪನ್ಮೂಲ ಅಧಿಕಾರಿಗೂ ಬರೆದುಕೊಳ್ಳಲು ಏನಾದರೂ ಸಿಕ್ಕಿತು. ‘ನಾವು ಮಾಡಿದೆವು’ ಎನ್ನುವ ಸೌಜನ್ಯ ಒಳ್ಳೆಯದೇ, ಆದರೆ ಸಂದರ್ಶನದಲ್ಲಿ ನಿಮ್ಮ ಪಾಲು ಎಷ್ಟೆಂಬುದು ಅದರಡಿ ಮುಚ್ಚಿಹೋಗುತ್ತದೆ.

ಎರಡನೆಯ ಕಷ್ಟದ ಪ್ರಶ್ನೆ ನಿನ್ನೆಯವರೆಗಿನ ಜೊತೆಗಾರರದ್ದು. ‘ಹುತ್ತರಿಗೆ ನಿಮ್ಮ ಸ್ನೇಹಿತರೆಲ್ಲ ಒಟ್ಟಿಗೆ ರಜೆ ಕೇಳಿದರೆ?’ ಎಂದು ಕೇಳಬಹುದು. ಅದೇ ವೇಳೆಗೆ ಅರೇಬಿಕಾ ಕೊಯ್ಲೂ ನಡೆದಿರುತ್ತದೆ. ‘ಎಲ್ಲರೂ ನನ್ನವರೇ, ಹೊಂದಿಕೊಳ್ಳುತ್ತಾರೆ’ ಎಂಬ ಉತ್ತರ ನಿಮ್ಮ ಸ್ನೇಹವನ್ನು ಬಲ್ಲ ಸಮಿತಿಯ ಅನುಮಾನವನ್ನೇ ಹೆಚ್ಚಿಸುತ್ತದೆ. ಹಬ್ಬಕ್ಕೆ ಮೊದಲೇ ರಜೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಕಳೆದ ವರ್ಷ ಕೆಲಸಕ್ಕೆ ಬಂದವರಿಗೆ ಈ ವರ್ಷ ಆದ್ಯತೆ ಕೊಡುತ್ತೇನೆ, ಆಪ್ತನಿಗೆ ಇಲ್ಲವೆನ್ನಬೇಕಾದರೆ ಪಟ್ಟಿ ಹೊರಬೀಳುವ ಮೊದಲು ನಾನೇ ಹೋಗಿ ಹೇಳುತ್ತೇನೆ ಎಂದರೆ ನಂಬಿಕೆ ಹುಟ್ಟುತ್ತದೆ. ಅದೇ ಹುದ್ದೆಗೆ ಅರ್ಜಿ ಹಾಕಿದ ಸಹೋದ್ಯೋಗಿಯ ಹೆಸರನ್ನು ಮಾತ್ರ ಹೊಗಳಲೂ ಎತ್ತಬೇಡಿ.

ಕೊನೆಗೆ ನಿಮಗೆ ಪ್ರಶ್ನೆ ಕೇಳುವ ಅವಕಾಶ ಸಿಕ್ಕರೆ, ಆಯ್ಕೆಯಾದ ಮೇಲೆ ಈಗಿನ ನಿಮ್ಮ ಕೆಲಸವನ್ನು ಯಾರು ವಹಿಸಿಕೊಳ್ಳುತ್ತಾರೆ, ಹಂಗಾಮು ಮುಗಿಯುವವರೆಗೆ ಎರಡನ್ನೂ ನೀವೇ ನೋಡಬೇಕೇ ಎಂದು ಕೇಳಿ. ಒಳಗಿನ ಬಡ್ತಿಗಳಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದು ಕಡಿಮೆ.