ಊರು ಅಡ್ಡಸಾಲಲ್ಲಿ, ತೂಕ ಕಾಲಮ್ಮಿನಲ್ಲಿ: ಲಾರಿ ಬಾಡಿಗೆ ದರ ಎಕ್ಸೆಲ್ ತಾನೇ ಹುಡುಕಲಿ

ಕಲಬುರಗಿಯ ನೆಹರು ಗಂಜ್‌ನಿಂದ ತೊಗರಿಬೇಳೆ ಚೀಲ ಕಳಿಸುವವರಿಗೆ ಲಾರಿ ಬಾಡಿಗೆಯ ಲೆಕ್ಕ ಗೊತ್ತೇ ಇದೆ. ಊರು ದೂರವಾದಷ್ಟೂ ದರ ಜಾಸ್ತಿ, ಮಾಲು ಹೆಚ್ಚಾದಷ್ಟೂ ಕ್ವಿಂಟಲ್‌ಗೆ ದರ ಕಡಿಮೆ. ಅಂದರೆ ಒಂದು ದರ ಓದಲು ಊರನ್ನೂ ನೋಡಬೇಕು, ತೂಕವನ್ನೂ ನೋಡಬೇಕು. ಬಿಲ್ ಬರೆಯುವಾಗ ಕಣ್ಣು ಪಕ್ಕದ ಸಾಲಿಗೆ ಜಾರಿದರೆ ದರವೇ ತಪ್ಪುತ್ತದೆ. ಈ ಹುಡುಕಾಟವನ್ನು `INDEX` ಮತ್ತು ಎರಡು `MATCH` ಸೇರಿ ಮಾಡಿಕೊಡುತ್ತವೆ.

ಮೊದಲು ದರಪಟ್ಟಿಯನ್ನು A1ರಿಂದ ಹೀಗೆ ತುಂಬಿಸಿ. A1 ಖಾಲಿ ಇರಲಿ. ದರಗಳು ಉದಾಹರಣೆಗೆ ಮಾತ್ರ, ಒಂದು ಕ್ವಿಂಟಲ್‌ಗೆ ರೂಪಾಯಿ ಲೆಕ್ಕದಲ್ಲಿ.

| | 0 | 20 | 50 | 100 |
|---|---|---|---|---|
| ಸೇಡಂ | 45 | 38 | 32 | 27 |
| ಯಾದಗಿರಿ | 60 | 52 | 44 | 38 |
| ಹುಮನಾಬಾದ್ | 58 | 50 | 43 | 36 |
| ಬೀದರ್ | 80 | 70 | 60 | 52 |

ಮೇಲಿನ ಸಾಲನ್ನು ಗಮನಿಸಿ. ಗೋಡೆಯ ಮೇಲಿನ ಪಟ್ಟಿಯಲ್ಲಿ ‘20ರಿಂದ 50’ ಎಂದು ಬರೆದಿರುತ್ತಾರೆ, ಇಲ್ಲಿ ಹಾಗೆ ಬರೆಯಬಾರದು. ಪ್ರತಿ ಹಂತ ಎಲ್ಲಿ ಶುರುವಾಗುತ್ತದೋ ಆ ಅಂಕಿ ಮಾತ್ರ ಬೇಕು, ಅದೂ ಚಿಕ್ಕದರಿಂದ ದೊಡ್ಡದಕ್ಕೆ.

ಈಗ G2ನಲ್ಲಿ ಬೀದರ್, H2ನಲ್ಲಿ 64 ಎಂದು ಬರೆಯಿರಿ. 64 ಕ್ವಿಂಟಲ್ ಬೇಳೆ ಬೀದರ್‌ಗೆ ಹೋಗಬೇಕು ಎಂದುಕೊಳ್ಳಿ. ಯಾವುದಾದರೂ ಖಾಲಿ ಸೆಲ್‌ನಲ್ಲಿ ಮೊದಲು ಊರನ್ನು ಹುಡುಕಿ:

```
=MATCH(G2,$A$2:$A$5,0)
```

ಉತ್ತರ 4. ಬೀದರ್ ಊರುಗಳ ಪಟ್ಟಿಯಲ್ಲಿ ನಾಲ್ಕನೆಯದು. ಕೊನೆಯ 0 ಎಂದರೆ ಹೆಸರು ಪೂರ್ತಿ ಹೊಂದಲೇಬೇಕು. ಅದನ್ನು ಬಿಟ್ಟರೆ ಎಕ್ಸೆಲ್ ಪಟ್ಟಿ ಅಕಾರಾದಿಯಲ್ಲಿದೆ ಎಂದೇ ನಂಬುತ್ತದೆ. ನಮ್ಮ ಪಟ್ಟಿ ಹಾಗಿಲ್ಲ, ಆದ್ದರಿಂದ ಬೇರೆ ಊರಿನ ದರ ಸದ್ದಿಲ್ಲದೆ ಬರಬಹುದು.

ಇನ್ನು ತೂಕ:

```
=MATCH(H2,$B$1:$E$1,1)
```

ಇಲ್ಲಿ ಕೊನೆಗೆ 1 ಬೇಕು. 64 ಎಂಬ ಅಂಕಿ ಮೇಲಿನ ಸಾಲಿನಲ್ಲಿ ಇಲ್ಲವೇ ಇಲ್ಲ, ಅಲ್ವಾ? 1 ಕೊಟ್ಟರೆ 64ನ್ನು ಮೀರದ ಅಂಕಿಗಳಲ್ಲಿ ದೊಡ್ಡದನ್ನು, ಅಂದರೆ 50ನ್ನು ಹಿಡಿಯುತ್ತದೆ. ಅದು ಮೂರನೆಯ ಕಾಲಂ, ಉತ್ತರ 3. ಸರಿಯಾಗಿ 50 ಕ್ವಿಂಟಲ್ ಇದ್ದರೂ 50ರ ದರವೇ ಬರುತ್ತದೆ. ನಿಮ್ಮಲ್ಲಿ 50 ಕೂಡ ಹಿಂದಿನ ಹಂತಕ್ಕೇ ಸೇರುವುದಾದರೆ ಪಟ್ಟಿಯ ಅಂಕಿಗಳನ್ನೇ ಬದಲಿಸಬೇಕು.

ಎರಡೂ ಸರಿ ಬಂದ ಮೇಲೆ I2ನಲ್ಲಿ ಒಟ್ಟಿಗೆ ಕಟ್ಟಿ:

```
=INDEX($B$2:$E$5,MATCH(G2,$A$2:$A$5,0),MATCH(H2,$B$1:$E$1,1))
```

ದರಗಳ ಚೌಕದಲ್ಲಿ 4ನೇ ಸಾಲು, 3ನೇ ಕಾಲಂ: 60 ರೂಪಾಯಿ. `=H2*I2` ಹಾಕಿದರೆ ಬಾಡಿಗೆ 3,840. ಡಾಲರ್ ಗುರುತು ಇರುವುದರಿಂದ ಫಾರ್ಮುಲಾವನ್ನು ಕೆಳಗೆ ಎಳೆದರೂ ಪಟ್ಟಿ ಜಾಗ ಬಿಡುವುದಿಲ್ಲ.

ಇಲ್ಲಿ ಜಾಸ್ತಿ ಹುಷಾರಾಗಿರಬೇಕಾದ ತಪ್ಪೊಂದಿದೆ. `INDEX`ಗೆ B2:E5 ಬದಲು ಇಡೀ ಪಟ್ಟಿ ಎಂದುಕೊಂಡು A1:E5 ಕೊಟ್ಟರೆ ಎಕ್ಸೆಲ್ ಯಾವ ದೂರೂ ಹೇಳುವುದಿಲ್ಲ. ಆದರೆ ಎಣಿಕೆ ತಲೆಸಾಲಿನಿಂದ ಶುರುವಾಗಿ, 4ನೇ ಸಾಲು ಹುಮನಾಬಾದ್ ಆಗುತ್ತದೆ, 3ನೇ ಕಾಲಂ 20ರ ಹಂತವಾಗುತ್ತದೆ. 60ರ ಜಾಗದಲ್ಲಿ 50 ಬರುತ್ತದೆ. ಒಂದೇ ಬಿಲ್ಲಿನಲ್ಲಿ 640 ರೂಪಾಯಿ ಕಡಿಮೆ! 50 ಎನ್ನುವುದು ನಂಬುವಂಥ ದರವೇ ಆದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಹಾಗಾಗಿ ಹೊಸ ಫಾರ್ಮುಲಾ ಹಾಕಿದಾಗ ಪಟ್ಟಿಯ ಮೊದಲ ಮೂಲೆಯ ದರ ಮತ್ತು ಕೊನೆಯ ಮೂಲೆಯ ದರ ಎರಡನ್ನೂ ಕೇಳಿ ನೋಡಿ. ಸೇಡಂ, 5 ಕ್ವಿಂಟಲ್‌ಗೆ 45 ಬರಬೇಕು. ಬೀದರ್, 120 ಕ್ವಿಂಟಲ್‌ಗೆ 52 ಬರಬೇಕು.

`#N/A` ಬಂದರೆ ಎರಡು `MATCH`ಗಳಲ್ಲಿ ಒಂದಕ್ಕೆ ಏನೂ ಸಿಕ್ಕಿಲ್ಲ ಎಂದರ್ಥ. ಬೇರೆ ಬೇರೆ ಸೆಲ್‌ನಲ್ಲಿ ಬರೆದು ನೋಡಿದರೆ ಯಾವುದು ಎಂದು ತಿಳಿಯುತ್ತದೆ. ತೂಕದ್ದಾದರೆ ಮೇಲಿನ ಸಾಲಿನ ಅಂಕಿಗಳು ಅಕ್ಷರರೂಪದಲ್ಲಿ ಕೂತಿರಬಹುದು, ಮತ್ತೆ ಅಂಕಿಯಾಗಿ ಬರೆಯಿರಿ.

ಊರಿನದ್ದಾದರೆ ಕನ್ನಡದಲ್ಲಿ ಟೈಪ್ ಮಾಡುವವರಿಗೆ ವಿಶೇಷ ತೊಂದರೆಯಿದೆ. ‘ಸೇಡಂ’ ಮತ್ತು ‘ಸೇಡಮ್’ ಎಕ್ಸೆಲ್‌ಗೆ ಬೇರೆ ಬೇರೆ ಊರು. ಇನ್ನು ‘ಬೀದರ್’ ಕೊನೆಯಲ್ಲಿ ಕಾಣದ ಗುರುತೊಂದು ಸೇರಿಕೊಂಡರೆ ಕಣ್ಣಿಗೆ ಎರಡೂ ಒಂದೇ, ಆದರೂ ಹೊಂದುವುದಿಲ್ಲ. `=LEN(G2)` ಹಾಕಿ ನೋಡಿ. ಬೀದರ್‌ಗೆ 5 ಬರಬೇಕು, 6 ಬಂದರೆ ಏನೋ ಹೆಚ್ಚಿಗೆ ಅಂಟಿಕೊಂಡಿದೆ. ಅದು ಖಾಲಿ ಜಾಗವಾದರೆ `TRIM` ತೆಗೆಯುತ್ತದೆ, ಕೀಬೋರ್ಡ್ ಸೇರಿಸಿದ ಕಾಣದ ಗುರುತನ್ನು ತೆಗೆಯುವುದಿಲ್ಲ.

ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಊರಿನ ಹೆಸರನ್ನು ಟೈಪ್ ಮಾಡಲೇ ಬಿಡದಿರುವುದು. G2 ಆರಿಸಿ, `Data` ಒಳಗೆ `Data Validation` ತೆರೆದು, `Allow` ಎಂಬಲ್ಲಿ `List` ಆರಿಸಿ, `Source` ಜಾಗದಲ್ಲಿ `=$A$2:$A$5` ಕೊಡಿ. ಆಮೇಲೆ ಹೆಸರು ಪಟ್ಟಿಯಿಂದಲೇ ಆರಿಸಿದರಾಯಿತು. ಮುಂದೆ ಶಹಾಪುರ ಸೇರಿಸಬೇಕಾದರೆ ಬೀದರ್ ಕೆಳಗೆ ಸುಮ್ನೆ ಬರೆಯಬೇಡಿ, ಪಟ್ಟಿಯ ನಡುವೆ ಹೊಸ ಸಾಲು ತೂರಿಸಿ ಬರೆಯಿರಿ. ಆಗ ಫಾರ್ಮುಲಾದಲ್ಲಿರುವ 5 ತಾನಾಗಿಯೇ 6 ಆಗುತ್ತದೆ.